ನೆಟ್ ಇಲ್ಲದ ಅಂಗಡಿಯ ಲೆಕ್ಕ

*ಸರ್, ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್. ಪೂರ್ತಿ ಡೇಟಾ ಬರಲಿ ಅಂತ ಕಾದರೆ ಕೆಲಸ ನಿಲ್ಲುತ್ತೆ, ಕಾಯದಿದ್ದರೆ ಭಯ. ನೀವೂ ಮೊದಲು ಇದೇ ಕೆಲಸದಲ್ಲಿದ್ದವರು ಅಲ್ವಾ? ಅರ್ಧ ಡೇಟಾ ನಂಬಿ ನೀವು ತೆಗೆದುಕೊಂಡ ಒಂದು ನಿರ್ಧಾರ, ಆಮೇಲೆ ಗೊತ್ತಾಗಿದ್ದು, ಎರಡನ್ನೂ ಬರೆಯುತ್ತೀರಾ?*
*— ಒಬ್ಬ ಓದುಗರು, ಬೆಂಗಳೂರು*

ಖಂಡಿತ ಬರೆಯುತ್ತೇನೆ. ಆಗ ನಾನು ನೋಡಿಕೊಳ್ಳುತ್ತಿದ್ದದ್ದು ಕಿರಾಣಿ ಅಂಗಡಿಗಳ ಉದ್ರಿ ಲೆಕ್ಕದ ಆಪ್. ನೆಟ್ ಇಲ್ಲದಿದ್ದರೂ ಅದರಲ್ಲಿ ಬಾಕಿ ಬರೆಯಬಹುದಿತ್ತು. ಬರೆದದ್ದು ಫೋನಿನಲ್ಲೇ ಉಳಿದು, ನೆಟ್ ಬಂದಾಗ ಸರ್ವರ್‌ಗೆ ಹೋಗುತ್ತಿತ್ತು.

ತೊಂದರೆ ಇದ್ದದ್ದು ಅಲ್ಲೇ. ಕೆಲವು ಅಂಗಡಿಗಳಲ್ಲಿ ಅಪ್ಪನ ಫೋನಿನಲ್ಲೂ ಮಗನ ಫೋನಿನಲ್ಲೂ ಒಂದೇ ಲೆಕ್ಕ. ಗಿರಾಕಿಯ ಬಾಕಿ 800 ರೂಪಾಯಿ ಅಂದುಕೊಳ್ಳಿ. ನೆಟ್ ಇಲ್ಲದಾಗ ಅಪ್ಪ 200 ಜಮಾ ಮಾಡಿದರು, ಅವರ ಫೋನಿನಲ್ಲಿ ಬಾಕಿ 600. ಮಗ 150ರ ಸಾಮಾನು ಕೊಟ್ಟ, ಅವನ ಫೋನಿನಲ್ಲಿ 950. ಸರಿಯಾದ ಬಾಕಿ 750. ಆದರೆ ಕೊನೆಗೆ ಯಾವ ಫೋನಿನ ಲೆಕ್ಕ ಸರ್ವರ್‌ಗೆ ಬಂತೋ ಅದೇ ಉಳಿಯುತ್ತಿತ್ತು. ದುಡ್ಡಿನ ಲೆಕ್ಕ ತಪ್ಪಿದರೆ ಗಿರಾಕಿ ಅಂಗಡಿಯವರನ್ನೇ ಅನುಮಾನಿಸುತ್ತಾನೆ. ದೂರುಗಳು ದಿನಾ ಬರುತ್ತಿದ್ದವು.

ಸರಿಪಡಿಸಲು ತಿಂಗಳಿಗಿಂತ ಜಾಸ್ತಿ ಬೇಕಿತ್ತು. ತೆಗೆದುಹಾಕಲು ಎರಡು ವಾರ ಸಾಕಿತ್ತು. ಎಷ್ಟು ಜನ ಬಳಸುತ್ತಿದ್ದಾರೆ ಅಂತ ನೋಡಿದೆ. ನೂರು ಅಂಗಡಿಗೆ ಮೂರು! ಅಷ್ಟು ಕಡಿಮೆ ಜನಕ್ಕಾಗಿ ಎಲ್ಲರ ಲೆಕ್ಕ ಕೆಡಬಾರದು ಅಂತ, ನೆಟ್ ಇಲ್ಲದೆ ಬರೆಯುವ ಸೌಲಭ್ಯವನ್ನೇ ತೆಗೆಸಿದೆ.

ಮೊದಲು ನೂರಕ್ಕೆ ಹತ್ತು ಫೋನುಗಳಿಗೆ ಬಿಟ್ಟೆವು. ದೂರು ಇಳಿಯಿತು. ದಿನಾ ಆಪ್ ತೆರೆಯುವ ಅಂಗಡಿಗಳ ಸಂಖ್ಯೆ ಹಾಗೇ ಇತ್ತು. ವಾರದೊಳಗೆ ಎಲ್ಲರಿಗೂ ಕಳಿಸಿದೆವು.

ಒಂದು ತಿಂಗಳ ಮೇಲೆ ಬೇರೆ ಕೆಲಸಕ್ಕೆ ತೀರ್ಥಹಳ್ಳಿ ಕಡೆ ಹೋಗಿದ್ದೆ. ನಮ್ಮ ಆಪ್ ಇದ್ದ ಅಂಗಡಿಯೊಂದರಲ್ಲಿ ಕೂತೆ. ಮಳೆ, ಕರೆಂಟ್ ಇರಲಿಲ್ಲ. ಒಬ್ಬರು ಅಕ್ಕಿ, ಬೆಲ್ಲ ತೆಗೆದುಕೊಂಡು ‘ಬರ್ಕೊಳ್ಳಿ’ ಅಂದು ಹೊರಟರು. ಅಂಗಡಿಯವರು ಬೀಡಿ ಕಟ್ಟಿನ ರಟ್ಟು ಹರಿದು, ಅದರ ಮೇಲೆ ಹೆಸರು, ಮೊತ್ತ ಬರೆದು ಡಬ್ಬಿಗೆ ಹಾಕಿದರು. ಡಬ್ಬಿ ಅರ್ಧ ತುಂಬಿತ್ತು.

‘ಆಪ್‌ನಲ್ಲಿ ಬರೆಯೋದಿಲ್ವಾ?’ ಅಂದೆ.

‘ಕರೆಂಟ್ ಹೋದ್ರೆ ಟವರೂ ಹೋಗುತ್ತೆ ಸಾರ್. ಮೊದಲು ತಗೋತಿತ್ತು, ಈಗ ತಗೊಳಲ್ಲ. ರಾತ್ರಿ ಮನೆಗೆ ಹೋಗಿ ಹಾಕ್ತೀನಿ. ಒಂದೆರಡು ಚೀಟಿ ಎಲ್ಲೋ ಹೋಗುತ್ತೆ, ಏನು ಮಾಡೋದು?’

ವಾಪಸ್ ಬಂದು ಹುಡುಕಿದಾಗ ಕಾರಣ ಸಿಕ್ಕಿತು. ನೆಟ್ ಇಲ್ಲದೆ ಬರೆದಾಗ ಆಪ್ ಅದನ್ನು ಎಣಿಸುತ್ತಿತ್ತು ನಿಜ. ಆದರೆ ಆ ಎಣಿಕೆಯನ್ನು ನಮಗೆ ತಲುಪಿಸಲು ನೆಟ್ಟೇ ಬೇಕಿತ್ತು. ಅಲ್ಲಿಯವರೆಗೆ ಅದು ಫೋನಿನ ತಾತ್ಕಾಲಿಕ ಮೆಮೊರಿಯಲ್ಲಿರುತ್ತಿತ್ತು. ಕಡಿಮೆ ಮೆಮೊರಿಯ ಫೋನು ಆಪನ್ನು ಮುಚ್ಚಿದರೆ ಎಣಿಕೆಯೂ ಅಳಿದುಹೋಗುತ್ತಿತ್ತು. ಯಾರಿಗೆ ಆ ಸೌಲಭ್ಯ ತುಂಬಾ ಬೇಕಿತ್ತೋ ಅವರೇ ನನ್ನ ಲೆಕ್ಕದಲ್ಲಿ ಇರಲಿಲ್ಲ.

ನಿಜವಾದ ಉತ್ತರ ನಮ್ಮ ಸರ್ವರ್‌ನಲ್ಲೇ ಇತ್ತು, ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ. ಬಾಕಿಯ ಒಂದೊಂದು ಸಾಲಿಗೂ ಎರಡು ಸಮಯ ಇದ್ದವು: ಫೋನಿನಲ್ಲಿ ಬರೆದ `created_at`, ಸರ್ವರ್‌ಗೆ ತಲುಪಿದ `received_at`. ಎರಡರ ನಡುವೆ ಹತ್ತು ನಿಮಿಷಕ್ಕಿಂತ ಜಾಸ್ತಿ ಅಂತರ ಇದ್ದರೆ ಅದು ನೆಟ್ ಇಲ್ಲದೆ ಬರೆದದ್ದು. ಗಡಿಯಾರ ತಪ್ಪಿರುವ ಫೋನುಗಳನ್ನು ಬಿಟ್ಟು, ಹಳೆಯ ತಿಂಗಳುಗಳನ್ನು ಎಣಿಸಿದೆವು. ಸುಮಾರು ಮೂರರಲ್ಲಿ ಒಂದು ಅಂಗಡಿ! ಹೊಸ ಆವೃತ್ತಿಯ ನಂತರ ಅದೇ ಅಂಗಡಿಗಳ ಲೆಕ್ಕ ರಾತ್ರಿ ಎಂಟರ ಮೇಲೆ ಒಟ್ಟಿಗೆ ಬಂದು ಬೀಳುತ್ತಿತ್ತು. ದಿನಕ್ಕೊಮ್ಮೆ ಆಪ್ ತೆರೆದರು ಅನ್ನುವ ಸಂಖ್ಯೆಯಲ್ಲಿ ಇದು ಕಾಣುವುದೇ ಇಲ್ಲ.

ಅಮೆಜಾನ್‌ನ ಜೆಫ್ ಬೆಜೋಸ್ 2016ರ ಷೇರುದಾರರ ಪತ್ರದಲ್ಲಿ, ಬೇಕೆನಿಸುವ ಮಾಹಿತಿಯಲ್ಲಿ ಶೇ. 70ರಷ್ಟು ಸಿಕ್ಕರೆ ಬಹುಪಾಲು ನಿರ್ಧಾರ ತೆಗೆದುಕೊಳ್ಳಬೇಕು ಅಂದಿದ್ದರು. ನಾನೂ ಒಪ್ಪುತ್ತೇನೆ. ಆದರೆ ಬಾರದೆ ಉಳಿದ ಶೇ. 30 ಯಾರದ್ದು ಅಂತ ನಾನು ಕೇಳಿರಲಿಲ್ಲ. ಎಲ್ಲರದ್ದೂ ಸ್ವಲ್ಪ ಸ್ವಲ್ಪ ಬಾರದಿದ್ದರೆ ಪರವಾಗಿಲ್ಲ. ಒಂದೇ ಥರದ ಜನರದ್ದು ಪೂರ್ತಿ ಬಾರದಿದ್ದರೆ, ಎಷ್ಟು ದಿನ ಕಾದರೂ ಅದೇ ಮೂರು ಕಾಣುತ್ತದೆ.

ಈಗ ಅದೇ ಎರಡು ವಾರ ಸಿಕ್ಕರೆ? ಆಗಲೂ ಕಾಯುವುದಿಲ್ಲ, ಲೆಕ್ಕ ತಪ್ಪುತ್ತಿದ್ದದ್ದು ನಿಜ ತಾನೇ. ಆದರೆ ತಪ್ಪುತ್ತಿದ್ದದ್ದು ಎರಡು ಫೋನಿರುವ ಅಂಗಡಿಗಳಲ್ಲಿ ಮಾತ್ರ. ಅವರಿಗಷ್ಟೇ, ಅದೂ ಸರ್ವರ್‌ನಿಂದ ಆನ್-ಆಫ್ ಮಾಡುವ ಸ್ವಿಚ್ ಇಟ್ಟು ನಿಲ್ಲಿಸುತ್ತಿದ್ದೆ. ಪ್ಲೇ ಸ್ಟೋರ್‌ನಲ್ಲಿ ಹೊಸ ಆವೃತ್ತಿ ಹಂಚುವುದನ್ನು ನಡುವೆ ನಿಲ್ಲಿಸಬಹುದು. ಆಗಲೇ ಫೋನಿಗೆ ಇಳಿದದ್ದನ್ನು ವಾಪಸ್ ತರಲಾಗದು, ಅದರ ಮೇಲೆ ಇನ್ನೊಂದು ಆವೃತ್ತಿ ಕಳಿಸಬೇಕು. ನಾವು ಕಳಿಸಿದೆವು, ಒಂದೂವರೆ ತಿಂಗಳು ಹಿಡಿಯಿತು. ನೆಟ್ ಇಲ್ಲದಾಗ ಹೊಸ ಸಾಲು ಸೇರಿಸಬಹುದು, ಹಳೆಯದನ್ನು ತಿದ್ದುವಂತಿಲ್ಲ. ಬಾಕಿಯನ್ನು ಎಲ್ಲ ಸಾಲು ಕೂಡಿಸಿ, ಜಮಾ ಕಳೆದು ತೋರಿಸುವುದು. ಹಾಗಾಗಿ ಅಪ್ಪನ 200, ಮಗನ 150 ಎರಡೂ ಉಳಿದು 750 ಬರುತ್ತದೆ.

ತೀರ್ಥಹಳ್ಳಿಯ ಆ ಅಂಗಡಿಯವರಿಗೆ ಫೋನ್ ಮಾಡಿ ಹೇಳಿದೆ. ಅಷ್ಟರಲ್ಲಿ ಅವರು ಪುಸ್ತಕಕ್ಕೆ ವಾಪಸ್ ಹೋಗಿದ್ದರು.

— ಸಂಪಾದಕ