ಸೆಪ್ಟೆಂಬರ್‌ನ ಮೌನಕ್ಕೆ ಅಕ್ಟೋಬರ್‌ನಲ್ಲಿ ಒಂದು ಮೇಲ್

ಪ್ರಶ್ನೆ: ಜುಲೈನಲ್ಲಿ ಸಿಎ ಇಂಟರ್ ಎರಡೂ ಗ್ರೂಪ್ ಪಾಸಾಯಿತು. ಐಟಿ, ಓರಿಯೆಂಟೇಶನ್ ಕೋರ್ಸ್ ಎರಡೂ ಮುಗಿಸಿದ್ದೇನೆ. ಸೆಪ್ಟೆಂಬರ್ 12ಕ್ಕೆ ಜಯನಗರದ ಒಂದು ಆಡಿಟ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್‌ಗೆ ಇಂಟರ್‌ವ್ಯೂ ಕೊಟ್ಟೆ. ‘ಒಂದು ವಾರದಲ್ಲಿ ಹೇಳ್ತೀವಿ’ ಅಂದರು. ಎರಡು ವಾರವಾಯಿತು. ರಿಸೆಪ್ಷನ್‌ಗೆ ಎರಡು ಸಲ ಫೋನ್ ಮಾಡಿದೆ. ಒಂದು ರಾತ್ರಿ ಸರ್‌ಗೆ ವಾಟ್ಸಾಪ್ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಜಿಎಸ್‌ಟಿ ಪ್ರಶ್ನೆಯೊಂದಕ್ಕೆ ತಪ್ಪು ಹೇಳಿದ್ದೆ. ಸಪ್ಲೈಯರ್ ಕೊಟ್ಟ ಬಿಲ್ ಕೈಯಲ್ಲಿದ್ದರೆ ಕ್ರೆಡಿಟ್ ತಗೊಳ್ಳಬಹುದು ಅಂದುಬಿಟ್ಟೆ. ಅದಕ್ಕೇ ಇರಬೇಕು. ಈ ನಡುವೆ ರಾಜಾಜಿನಗರದ ಚಿಕ್ಕ ಆಫೀಸೊಂದು ಅಕ್ಟೋಬರ್ 6ಕ್ಕೆ ಬಂದು ಸೇರು ಎನ್ನುತ್ತಿದೆ. ಅಮ್ಮ ‘ಮತ್ತೆ ಮತ್ತೆ ಕೇಳಿದರೆ ಸದರ ಆಗ್ತೀಯ’ ಅಂತಾರೆ. ಮಾವ ‘ಹೋಗಿ ಅವರ ಬಾಗಿಲಲ್ಲೇ ಕೂತ್ಕೋ’ ಅಂತಾರೆ. ಏನು ಮಾಡಲಿ?
— ಹೆಸರು ಬೇಡ, ಬಸವನಗುಡಿ

ಉತ್ತರ: ಮೊದಲು ಕ್ಯಾಲೆಂಡರ್ ನೋಡಿ. ಸೆಪ್ಟೆಂಬರ್ 30 ಟ್ಯಾಕ್ಸ್ ಆಡಿಟ್ ವರದಿಗೆ ಕೊನೆಯ ದಿನ. ಕಂಪನಿಗಳ ವಾರ್ಷಿಕ ಸಭೆಗೂ ಅದೇ ಗಡುವು. ನಿಮ್ಮ ಇಂಟರ್‌ವ್ಯೂ ಆದದ್ದು ಅದಕ್ಕೆ ಹದಿನೆಂಟು ದಿನ ಮುಂಚೆ. ಆ ಹದಿನೆಂಟು ದಿನ ಆಡಿಟ್ ಆಫೀಸಿನಲ್ಲಿ ಏನು ನಡೆಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಮಧ್ಯಾಹ್ನದ ಡಬ್ಬಿ ತೆರೆಯುವುದೇ ಸಂಜೆ. ಒಂದು ವರ್ಷ ನಾನೇ ಇಂಟರ್‌ವ್ಯೂ ಮಾಡಿ, ಇಷ್ಟಪಟ್ಟು, ಆ ಹುಡುಗಿಯ ರೆಸ್ಯೂಮೆಯನ್ನು ಯಾರದೋ ಸ್ಟಾಕ್ ಸ್ಟೇಟ್‌ಮೆಂಟ್ ಕೆಳಗೆ ಇಟ್ಟು ಮರೆತಿದ್ದೆ. ಅಕ್ಟೋಬರ್‌ನಲ್ಲಿ ಅವಳ ಮೇಲ್ ಬಂದ ಮೇಲೇ ನೆನಪಾಯಿತು. ಅಂದರೆ ಸೆಪ್ಟೆಂಬರ್‌ನ ಮೌನದಿಂದ ಹೌದು ಅಂತಲೂ ತಿಳಿಯುವುದಿಲ್ಲ, ಇಲ್ಲ ಅಂತಲೂ ತಿಳಿಯುವುದಿಲ್ಲ.

ಇನ್ನೊಂದು ಕಾರಣವೂ ಇರಬಹುದು. ಒಬ್ಬ ಸಿಎ ಎಷ್ಟು ಆರ್ಟಿಕಲ್‌ಗಳನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೆ ಮಿತಿ ಇದೆ. ಅದು ಅವರು ಎಷ್ಟು ವರ್ಷ ಪ್ರಾಕ್ಟೀಸ್ ಮಾಡಿದ್ದಾರೆ ಎಂಬುದರ ಮೇಲೆ ನಿಲ್ಲುತ್ತದೆ. ಎಲ್ಲ ಸೀಟೂ ತುಂಬಿದ್ದರೆ, ಹಳೆಯ ಹುಡುಗನೊಬ್ಬ ಅವಧಿ ಮುಗಿಸಿ ಹೊರಡುವವರೆಗೆ ನಿಮ್ಮನ್ನು ಸೇರಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ‘ನನ್ನ ರಿಸಲ್ಟ್ ಏನಾಯ್ತು’ ಎಂದು ಕೇಳಬೇಡಿ. ‘ಸೀಟು ಯಾವಾಗ ಖಾಲಿಯಾಗುತ್ತದೆ’ ಎಂದು ಕೇಳಿ. ಇದಕ್ಕೆ ಉತ್ತರ ಕೊಡಲು ಅವರಿಗೂ ಮುಜುಗರವಿಲ್ಲ.

ಮಾವ ಹೇಳಿದ ಹಾಗೆ ಬಾಗಿಲಲ್ಲಿ ಕೂರುವುದು ಬೇಡ. ರಾತ್ರಿ ವಾಟ್ಸಾಪ್ ಕೂಡ ಇನ್ನು ಸಾಕು. ಗಡುವಿನ ಗಲಾಟೆ ಇಳಿದ ಮೇಲೆ, ಅಕ್ಟೋಬರ್ 3ರ ಬೆಳಿಗ್ಗೆ ಒಂದೇ ಒಂದು ಮೇಲ್ ಹಾಕಿ. ಇಂಟರ್‌ವ್ಯೂಗೆ ಕರೆದ ಮೇಲ್ ಇದೆಯಲ್ಲ, ಅದಕ್ಕೇ ರಿಪ್ಲೈ ಮಾಡಿ. ಆಗ ನೀವು ಯಾರು ಎಂದು ಅವರು ಹುಡುಕಬೇಕಾಗಿಲ್ಲ. ಇಂಗ್ಲಿಷಿನಲ್ಲೇ ಬರೆಯಿರಿ, ವಿಷಯ ಇಷ್ಟಿರಲಿ:

‘ಸರ್, ಸೆಪ್ಟೆಂಬರ್ 12ರಂದು ಆರ್ಟಿಕಲ್‌ಶಿಪ್ ಇಂಟರ್‌ವ್ಯೂಗೆ ಬಂದಿದ್ದೆ. ಬಿಲ್ ಇದ್ದರೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು ಎಂದು ಅಂದು ತಪ್ಪಾಗಿ ಹೇಳಿದ್ದೆ. ಮನೆಗೆ ಬಂದು ಸೆಕ್ಷನ್ 16 ಓದಿದೆ. ಸಪ್ಲೈಯರ್ ಆ ಬಿಲ್ಲನ್ನು ಅಪ್‌ಲೋಡ್ ಮಾಡಿ, ಅದು ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಳ್ಳುವವರೆಗೆ ಕ್ರೆಡಿಟ್ ಪಡೆಯುವಂತಿಲ್ಲ. ನನ್ನ ಎರಡೂ ಕೋರ್ಸ್ ಮುಗಿದಿವೆ, ಯಾವ ದಿನ ಬೇಕಾದರೂ ಸೇರಬಲ್ಲೆ. ನಿಮ್ಮಲ್ಲಿ ಸೀಟು ಯಾವಾಗ ಖಾಲಿಯಾಗಬಹುದು? ಇನ್ನೊಂದು ಕಡೆ ಅಕ್ಟೋಬರ್ 15ರೊಳಗೆ ಉತ್ತರ ಹೇಳಬೇಕಿದೆ.’

ತಪ್ಪನ್ನು ನಾವಾಗಿ ಏಕೆ ನೆನಪಿಸಬೇಕು ಅನ್ನಿಸಬಹುದು. ಅವರಿಗೆ ಅದು ಹೇಗೂ ನೆನಪಿರುತ್ತದೆ. ಇಂಟರ್ ಮುಗಿಸಿ ಬಂದವರಿಗೆ ಎಲ್ಲವೂ ಗೊತ್ತಿರಬೇಕು ಎಂದು ಯಾರೂ ಅಂದುಕೊಂಡಿರುವುದಿಲ್ಲ. ಕ್ಲೈಂಟ್ ಆಫೀಸಿನಲ್ಲಿ ಏನೋ ತಪ್ಪು ಮಾಡಿ, ಅದನ್ನು ಮುಚ್ಚಿಟ್ಟು, ನಾವು ಸಹಿ ಹಾಕಿದ ಮೇಲೆ ಬಾಯಿ ಬಿಡುವ ಹುಡುಗರನ್ನು ಕಂಡರೆ ನಮಗೆ ಭಯ. ಆ ಎರಡು ಸಾಲು ಓದಿದರೆ ನೀವು ಆ ಪೈಕಿ ಅಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಆದರೆ ಎರಡೇ ಸಾಲು, ಅಲ್ವಾ? ಸೆಕ್ಷನ್ ಪೂರ್ತಿ ಇಳಿಸಬೇಡಿ.

ಉತ್ತರ ಬಾರದಿದ್ದರೆ ಅಕ್ಟೋಬರ್ 13ಕ್ಕೆ ಒಂದು ಫೋನ್ ಮಾಡಿ. ಅದಕ್ಕೆ ಮುಂಚೆ ಬೇಡ, 11ನೇ ತಾರೀಕು ಜಿಎಸ್‌ಟಿಆರ್-1 ಕೊನೆಯ ದಿನ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಮಾಡಿ. ಆರ್ಟಿಕಲ್‌ಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಯಾರು ಎಂದು ರಿಸೆಪ್ಷನ್‌ನಲ್ಲಿ ವಿಚಾರಿಸಿ, ಅವರ ಹತ್ತಿರ ಮಾತಾಡಿ. ಅಲ್ಲೂ ‘ನೋಡೋಣ’ ಅಂದರೆ ಆ ಬಾಗಿಲು ಮುಚ್ಚಿತು ಅಂತಲೇ ತಿಳಿದುಕೊಳ್ಳಿ.

ಇನ್ನು ಎಷ್ಟು ದಿನ ಕಾಯಬಹುದು? ಇದಕ್ಕೆ ಲೆಕ್ಕ ಇದೆ. ಈಗಿನ ನಿಯಮದಲ್ಲಿ ಆರ್ಟಿಕಲ್‌ಶಿಪ್ ಎರಡು ವರ್ಷ. ಅದು ಮುಗಿದು ಆರು ತಿಂಗಳಾದ ಮೇಲೆ ಫೈನಲ್ ಬರೆಯಬಹುದು. ಫೈನಲ್ ಪರೀಕ್ಷೆ ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ನೀವು ಅಕ್ಟೋಬರ್ 6ಕ್ಕೆ ಸೇರಿದರೆ ಈ ಮೂವತ್ತು ತಿಂಗಳು ಏಪ್ರಿಲ್ 5ಕ್ಕೆ ಮುಗಿಯುತ್ತವೆ. ನವೆಂಬರ್ 1ಕ್ಕೆ ಸೇರಿದರೆ ಏಪ್ರಿಲ್ 30ಕ್ಕೆ. ಎರಡರಲ್ಲೂ ನಿಮಗೆ ಸಿಗುವುದು ಅದೇ ಮೇ ಪರೀಕ್ಷೆ. ಅದೇ ನವೆಂಬರ್ 10ಕ್ಕೆ ಸೇರಿದಿರೋ, ಮೇ ತಪ್ಪಿ ಸೆಪ್ಟೆಂಬರ್‌ಗೆ ಹೋಗುತ್ತದೆ. ಒಂಬತ್ತು ದಿನದ ತಡಕ್ಕೆ ನಾಲ್ಕು ತಿಂಗಳ ದಂಡ. ನವೆಂಬರ್ 1 ರಾಜ್ಯೋತ್ಸವದ ರಜೆ, ಆದ್ದರಿಂದ ಅಕ್ಟೋಬರ್ ಕೊನೆಯ ವಾರವೇ ನಿಮ್ಮ ಗಡುವು ಎಂದಿಟ್ಟುಕೊಳ್ಳಿ. ವರ್ಷಕ್ಕೆ 12 ದಿನಕ್ಕಿಂತ ಜಾಸ್ತಿ ರಜೆ ಹಾಕಿದರೆ ಅವಧಿ ಅಷ್ಟೇ ಮುಂದೆ ಹೋಗುತ್ತದೆ. ಅದಕ್ಕೂ ನಾಲ್ಕಾರು ದಿನ ಕೈಯಲ್ಲಿರಲಿ.

ಅಂದರೆ 6ನೇ ತಾರೀಕಿಗೇ ಸೇರಬೇಕಾದ ತುರ್ತು ರಾಜಾಜಿನಗರದವರಿಗೆ ಇರಬಹುದು, ನಿಮಗಿಲ್ಲ. ಜಯನಗರಕ್ಕೆ ಮೇಲ್ ಹಾಕುವ ಮೊದಲೇ ಅವರಿಗೆ ನಿಜವನ್ನೇ ಹೇಳಿ. ‘ಇನ್ನೊಂದು ಕಡೆಯ ಉತ್ತರ ಬಾಕಿ ಇದೆ, 15ಕ್ಕೆ ಹೇಳಿ 20ಕ್ಕೆ ಬಂದು ಸೇರಲೇ?’ ಎಂದು ಕೇಳಿ. ಹಬ್ಬದ ದಿನಗಳು, ಒಪ್ಪಬಹುದು. ಒಪ್ಪದೆ ಈಗಲೇ ಹೇಳು ಅಂದರೆ ನಾನಾಗಿದ್ದರೆ ಹೋಗಿ ಸೇರುತ್ತಿದ್ದೆ. ಆದರೆ ಅದಕ್ಕೆ ಮುಂಚೆ ಅಲ್ಲಿನ ಕೆಲಸದಲ್ಲಿ ಆಡಿಟ್ ಎಷ್ಟು, ಬರೀ ರಿಟರ್ನ್ ತುಂಬುವುದು ಎಷ್ಟು ಎಂದು ಅಲ್ಲೇ ಇರುವ ಒಬ್ಬ ಆರ್ಟಿಕಲ್‌ನನ್ನು ಕೇಳುತ್ತಿದ್ದೆ. ಎರಡು ವರ್ಷ ಬರೀ ರಿಟರ್ನ್ ತುಂಬಿಸುವ ಆಫೀಸಾದರೆ ಬಿಟ್ಟು, ಅಕ್ಟೋಬರ್ ಪೂರ್ತಿ ಬೇರೆ ಕಡೆ ಹುಡುಕುತ್ತಿದ್ದೆ.

ಒಂದನ್ನು ಮಾತ್ರ ಮಾಡಬೇಡಿ. ಸದ್ಯಕ್ಕೆ ಇಲ್ಲಿ ಸೇರಿ, ಜಯನಗರದವರು ಕರೆದರೆ ಹಾರೋಣ ಎಂಬ ಲೆಕ್ಕ ಬೇಡ. ಸೇರಿದ ಮೂವತ್ತು ದಿನದೊಳಗೆ ಫಾರ್ಮ್ 103 ಇನ್‌ಸ್ಟಿಟ್ಯೂಟ್‌ಗೆ ಹೋಗಬೇಕು. ಹೋದ ಮೇಲೆ ನೀವು ಆ ಪ್ರಿನ್ಸಿಪಾಲರ ಹೆಸರಿನಲ್ಲಿ ನೋಂದಣಿಯಾದ ಹಾಗೆ. ಬಿಡಬೇಕಾದರೆ ಫಾರ್ಮ್ 109ಕ್ಕೆ ಅವರದ್ದೇ ಸಹಿ ಬೇಕು. ಎರಡು ವಾರಕ್ಕೇ ಬಿಟ್ಟು ಹೋಗುವವರಿಗೆ ಆ ಸಹಿ ಬೇಗ ಸಿಗುವುದಿಲ್ಲ. ರಾಜಾಜಿನಗರಕ್ಕೆ ಹೂಂ ಅಂದ ದಿನವೇ, ಬೇರೆ ಕಡೆ ಸೇರುತ್ತಿದ್ದೇನೆ ಎಂದು ಜಯನಗರಕ್ಕೆ ಒಂದು ಸಾಲು ಬರೆದುಬಿಡಿ.