ಎಕ್ಸ್‌ರೇಯಲ್ಲಿ ಹಳೆ ಕಲೆ: ಇನ್ನೊಂದು ಕ್ಲಿನಿಕ್‌ಗೆ ಹೋಗಬಹುದಾ?

“ಸೌದಿ ಮೆಡಿಕಲ್‌ನಲ್ಲಿ ತಮ್ಮನಿಗೆ ಅನ್‌ಫಿಟ್ ಬಂತು. ಎಕ್ಸ್‌ರೇಯಲ್ಲಿ ಹಳೆ ಟಿಬಿ ಕಲೆ ಅಂತೆ. ಕಫದಲ್ಲಿ ಏನೂ ಇಲ್ಲ. ಮಂಗಳೂರಿನ ಬೇರೆ ಕ್ಲಿನಿಕ್‌ನಲ್ಲಿ ಮಾಡಿಸಿದರೆ ಆಗುತ್ತದಾ? – ಕುಂಬಳೆ”

ಸುಮ್ನೆ ದುಡ್ಡು ಕಳೆಯಬೇಡಿ. ಕ್ಲಿನಿಕ್ ಬೇರೆಯಾದರೂ ಫಲಿತಾಂಶ ಹೋಗುವುದು ವಾಫಿದ್ ಎಂಬ ಒಂದೇ ವ್ಯವಸ್ಥೆಗೆ, ಅದೂ ಪಾಸ್‌ಪೋರ್ಟ್ ನಂಬರಿನ ಮೇಲೆ. wafid.com ನಲ್ಲಿ ಆ ನಂಬರ್ ಹಾಕಿ ನೀವೇ ನೋಡಬಹುದು. “ಫಿಟ್ ಮಾಡಿಸಿ ಕೊಡ್ತೇನೆ” ಅನ್ನುವ ಏಜೆಂಟ್‌ನ ಮಾತು ನಂಬಬೇಡಿ.

ಗಲ್ಫ್ ನಿಯಮದಲ್ಲಿ ಗುಣವಾದ ಟಿಬಿಯ ಕಲೆಯೂ ಅನ್‌ಫಿಟ್ ಪಟ್ಟಿಯಲ್ಲಿದೆ. ಹಾಗಾಗಿ ಕಫದ ವರದಿ ಅಲ್ಲಿ ನೆರವಿಗೆ ಬರುವುದಿಲ್ಲ. ನನ್ನ ಭಾವನಿಗೂ ಹೀಗೇ ಆಗಿತ್ತು, ಶಾಲೆಗೆ ಹೋಗುವಾಗ ಬಂದಿದ್ದ ಟಿಬಿ!

ಆದರೆ ಆ ನೆರಳು ನಿಜಕ್ಕೂ ಟಿಬಿಯದೇನಾ? ಇತ್ತೀಚೆಗೆ ನ್ಯುಮೋನಿಯಾ ಆಗಿದ್ದರೂ ಹಾಗೆ ಕಾಣಬಹುದು. ಎಕ್ಸ್‌ರೇ ಪ್ರತಿ ಕೇಳಿ ತೆಗೆದುಕೊಂಡು ಶ್ವಾಸಕೋಶದ ಡಾಕ್ಟರಿಗೆ ತೋರಿಸಿ. ಹಳೆಯ ಎಕ್ಸ್‌ರೇ ಇದ್ದರೆ ಅದನ್ನೂ ಒಯ್ಯಿರಿ. ಕೆಲವು ವಾರದ ನಂತರ ತೆಗೆದ ಎಕ್ಸ್‌ರೇಯಲ್ಲಿ ನೆರಳು ಮಾಯವಾದರೆ ಅದು ಕಲೆಯಲ್ಲ. ಆಗ ಆ ದಾಖಲೆ ಹಿಡಿದು ಮೊದಲಿನ ಕ್ಲಿನಿಕ್‌ನಲ್ಲೇ ಕೇಳಿ.

ಕಲೆಯೇ ಆಗಿದ್ದರೆ ಬೇರೆ ದೇಶ ನೋಡುವುದು ಒಳ್ಳೆಯದು. ಬ್ರಿಟನ್‌ನವರು ಇಂಥ ನೆರಳಿಗೆ 3 ಸಲ ಕಫ ತೆಗೆದು ಕಲ್ಚರ್ ಮಾಡಿಸುತ್ತಾರೆ. ಅದಕ್ಕೆ ಸುಮಾರು 2 ತಿಂಗಳು ಬೇಕು, ಆದರೆ ಕ್ರಿಮಿ ಬೆಳೆಯದಿದ್ದರೆ ಸರ್ಟಿಫಿಕೇಟ್ ಸಿಗುತ್ತದೆ.