169.254 ಅಡ್ರೆಸ್ ಎಲ್ಲಿಂದ ಬಂತು?

"ವೈಫೈ ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ. ಐಪಿ 169.254.31.7 ಅಂತಿದೆ. 192.168, 127 ಅಂತೆಲ್ಲ ಇರುತ್ತಲ್ಲ, ಏನು ವ್ಯತ್ಯಾಸ?"

ರೂಟರ್‌ನಲ್ಲಿ ಐಪಿ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿಯಿಂದ ಅಡ್ರೆಸ್ ಸಿಗಲಿಲ್ಲ, ಅದಕ್ಕೇ ವಿಂಡೋಸ್ ತಾನೇ ಒಂದನ್ನು ಆರಿಸಿಕೊಂಡಿದೆ. ಇದು ಲಿಂಕ್-ಲೋಕಲ್. ಎರಡು ಲ್ಯಾಪ್‌ಟಾಪ್‌ಗಳಿಗೆ ನೇರ ಕೇಬಲ್ ಹಾಕಿ ಫೈಲ್ ಕಳಿಸೋಕೆ ಸಾಕು, ಆದರೆ ಯಾವ ರೂಟರೂ ಇದನ್ನು ಆಚೆ ದಾಟಿಸುವುದಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಮಾಡಿ:

```
ipconfig /release
ipconfig /renew
```

ಈಗ 192.168, 10 ಅಥವಾ 172.16ರಿಂದ 172.31ರ ಒಳಗಿನ ಅಡ್ರೆಸ್ ಬಂದರೆ ಸರಿಹೋಯಿತು. ಇವು ಪ್ರೈವೇಟ್, ಮನೆ-ಆಫೀಸಿನ ಒಳಗಿನ ಬಳಕೆಗೆ. ನಿಮ್ಮ ಮನೆಯ 192.168.1.5 ಪಕ್ಕದ ಮನೆಯಲ್ಲೂ ಇರಬಹುದು, ತೊಂದರೆಯಿಲ್ಲ, ಹೊರಗೆ ಹೋಗುವಾಗ ರೂಟರ್ ತನ್ನ ಪಬ್ಲಿಕ್ ಅಡ್ರೆಸ್ ಹಾಕಿ ಕಳಿಸುತ್ತದೆ. ಮತ್ತೆ 169.254 ಬಂದರೆ ರೂಟರ್ ರೀಸ್ಟಾರ್ಟ್ ಮಾಡಿ, ಡಿಎಚ್‌ಸಿಪಿ ಆನ್ ಇದೆಯಾ ನೋಡಿ.

127.0.0.1 ಲೂಪ್‌ಬ್ಯಾಕ್, ಅಂದರೆ ನಿಮ್ಮದೇ ಯಂತ್ರ. ನೀವೇ ಬರೆದ ವೆಬ್‌ಸೈಟ್ ಟೆಸ್ಟ್ ಮಾಡೋಕೆ ಸರಿ. ಅದಕ್ಕೆ ಪಿಂಗ್ ಮಾಡಿ "ನೆಟ್‌ವರ್ಕ್ ಸರಿಯಿದೆ" ಅನ್ನಬೇಡಿ, ಕೇಬಲ್ ಕಿತ್ತರೂ ಉತ್ತರ ಬರುತ್ತದೆ!